ಸಂಕ್ರಾಂತಿ ಮುಗಿದ ಮೇಲೆ ಗಿಳಿ ಎಲ್ಲಿ ಹೋಯ್ತು?

*ಹತ್ತು ವರ್ಷದಿಂದ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿ ಮಾರ್ತಿದ್ದೀನಿ. ಜನವರಿಯಲ್ಲಿ ಕೈಗೆ ಬಿಡುವಿಲ್ಲ. ಆಮೇಲೆ ನನ್ನ ಹೆಸರೇ ಯಾರಿಗೂ ನೆನಪಿರಲ್ಲ. ಕಳೆದ ಡಿಸೆಂಬರ್‌ನಲ್ಲಿ 150 ಜನಕ್ಕೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಕಳಿಸಿದೆ, ಆರ್ಡರ್ ಬಂದಿದ್ದು ಮೂರೇ. ಏನು ಮಾಡಲಿ?*
*ಓದುಗರೊಬ್ಬರು, ಚಿಕ್ಕಪೇಟೆ, ತುಮಕೂರು*

ಮೊದಲು ಆ ಬ್ರಾಡ್‌ಕಾಸ್ಟ್ ನೋಡೋಣ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ನೀವು ಅವರ ನಂಬರ್ ಇಟ್ಟುಕೊಂಡರೆ ಸಾಲದು. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಮಾಹಿತಿ ತೆರೆಯಿರಿ, ಯಾರ್ಯಾರಿಗೆ ತಲುಪಿದೆ ಎಂದು ಹೆಸರು ಸಮೇತ ಕಾಣುತ್ತದೆ. ಅಲ್ಲಿ ಇಲ್ಲದವರ ಪಾಲಿಗೆ ನೀವು ಮೆಸೇಜೇ ಕಳಿಸಿಲ್ಲ.

ಹಾಗಾಗಿ ಮಿಕ್ಕ ತಿಂಗಳುಗಳ ಕೆಲಸ ಜನವರಿಯಲ್ಲೇ ಶುರುವಾಗಬೇಕು. ನಿಮ್ಮ ಸರಕಿಗೆ ಒಂದು ತೊಡಕಿದೆ. ಅಚ್ಚನ್ನು ಕೊಂಡವರು ತಾವೇ ತಿನ್ನುವುದು ಕಡಿಮೆ. ಎಳ್ಳುಬೆಲ್ಲದ ಜೊತೆ ಪುಟ್ಟ ಕವರಿಗೆ ಹಾಕಿ ಮನೆಮನೆಗೆ ಬೀರುತ್ತಾರೆ. ನಿಮ್ಮ ಡಬ್ಬಿಯ ಮೇಲಿನ ಹೆಸರು ಅವರ ಅಡುಗೆಮನೆಯಲ್ಲೇ ಉಳಿಯುತ್ತದೆ. ನಮ್ಮ ಮನೆಗೆ ಈ ಸಲ ಚೆಂದದ ಬಿಳಿ ಗಿಳಿ ಬಂದಿತ್ತು. ಎಲ್ಲಿ ತಂದಿರಿ ಅಂತ ಕೇಳಿದರೆ, "ಯಾರೋ ಪೇಟೆಯವರು ಕಣ್ರಿ" ಅಂದರು. ಅದು ನಿಮ್ಮದೇ ಇದ್ದರೂ ಇರಬಹುದು!

ಡಬ್ಬಿಯ ಜೊತೆ ಮೂವತ್ತು ಪುಟ್ಟ ಚೀಟಿ ಕೊಡಿ, ಪ್ರತಿ ಕವರಿಗೂ ಒಂದು ಹಾಕಲಿ. ಅದರಲ್ಲಿ ಒಂದೇ ಚಿತ್ರ, ನಿಮ್ಮ ಹೆಸರು, ನಂಬರ್, "ಸೇವ್ ಮಾಡಿಕೊಳ್ಳಿ" ಅನ್ನೋ ಮಾತು ಸಾಕು. ಚಿತ್ರಕ್ಕೆ ನಿಮ್ಮ ಮರದ ಅಚ್ಚುಗಳಲ್ಲಿ ಒಂದನ್ನು ಆರಿಸಿ. ಗಿಳಿ ಅಂದರೆ ಗಿಳಿ. ಚೀಟಿ, ಡಬ್ಬಿ, ವಾಟ್ಸಾಪ್ ಫೋಟೋ ಎಲ್ಲದರಲ್ಲೂ ಅದೇ ಗಿಳಿ ಇರಲಿ. ಹಬ್ಬಕ್ಕೊಂದು ದೇವರ ಫೋಟೋ ಹಾಕಿ ಬದಲಾಯಿಸಬೇಡಿ. ನಂಬರನ್ನಂತೂ ಬದಲಾಯಿಸಲೇಬೇಡಿ.

ಇನ್ನು ಫೆಬ್ರವರಿಯ ನಂತರ. ದಿನಾ ಗುಡ್ ಮಾರ್ನಿಂಗ್ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ. ತಿಂಗಳಿಗೊಂದೆರಡು ಸ್ಟೇಟಸ್ ಸಾಕು, ಅದೂ ನಿಮ್ಮ ಕೆಲಸದ್ದೇ. ಅಚ್ಚು ತೊಳೆದು ನೆರಳಲ್ಲಿ ಒಣಗಿಸುವುದು, ಪಾಕಕ್ಕೆ ಮುಂಚೆ ಮರವನ್ನು ನೀರಲ್ಲಿ ನೆನೆಸುವುದು, ರಬ್ಬರ್ ಬ್ಯಾಂಡ್ ಬಿಚ್ಚಿದಾಗ ಗಿಳಿಯ ಮೂಗು ಮುರಿಯದೆ ಹೊರಬರುವುದು. ಕೊನೆಯದನ್ನು ವಿಡಿಯೋ ಮಾಡಿ, ಜನ ಎರಡು ಸಲ ನೋಡುತ್ತಾರೆ. ಸ್ಟೇಟಸ್ 24 ಗಂಟೆ ಮಾತ್ರ ಇರುತ್ತದೆ, ಆದ್ದರಿಂದ ವಿಡಿಯೋ ಫೋನಲ್ಲಿ ಉಳಿಸಿಕೊಂಡರೆ ಡಿಸೆಂಬರ್‌ಗೂ ಆಗುತ್ತದೆ.

ಬೇಸಿಗೆಯಲ್ಲಿ ಸೀಮಂತ, ಮದುವೆ ತಟ್ಟೆಗಳಿಗೆ ಅಚ್ಚಿನ ಆರ್ಡರ್ ತಗೊಳ್ಳಿ. ಒಂದು ತಟ್ಟೆ ಹೋದರೂ ನೂರು ಜನ ಗಿಳಿ ನೋಡುತ್ತಾರೆ, ಅಲ್ವಾ? ಮಳೆಗಾಲದಲ್ಲಿ ಮಾತ್ರ ಆಸೆಗೆ ಬೀಳಬೇಡಿ. ತೇವ ಹಿಡಿದು ಅಚ್ಚು ಅಂಟಂಟಾಗುತ್ತದೆ, ಗೆರೆಗಳು ಅಳಿಸಿಹೋಗುತ್ತವೆ. ಅಂಥ ಗಿಳಿಯನ್ನು ನೋಡಿದವರು ಜನವರಿಯಲ್ಲಿ ಬೇರೆಯವರ ಹತ್ತಿರ ಹೋಗುತ್ತಾರೆ. ಕೇಳಿದವರಿಗೆ "ಬಿಸಿಲು ಬರಲಿ, ಮಾಡಿಕೊಡ್ತೀನಿ" ಅಂತ ಹೇಳಿ, ಅವರ ನಂಬರ್ ಬರೆದಿಟ್ಟುಕೊಳ್ಳಿ. ಡಿಸೆಂಬರ್ ಮೊದಲ ವಾರ ಅವರಿಗೆ ಬ್ರಾಡ್‌ಕಾಸ್ಟ್ ಬೇಡ, ನೀವೇ ಫೋನ್ ಮಾಡಿ.