ಎಫ್‌ಡಿ ಬಡ್ಡಿ ತಗೊಳ್ತಾ ಹೋಗೋದಾ, ಅಲ್ಲೇ ಬಿಡೋದಾ?

"1 ಲಕ್ಷ 20 ವರ್ಷಕ್ಕೆ ಇಡ್ತೀನಿ, 7% ಬಡ್ಡಿ, ಸರಳ ಬಡ್ಡಿಗೂ ಚಕ್ರಬಡ್ಡಿಗೂ ಅಷ್ಟೊಂದು ವ್ಯತ್ಯಾಸ ಇದ್ಯಾ?"

ಇದೆ ಸರ್, ಆದ್ರೆ ಶುರುವಲ್ಲಿ ಕಾಣಲ್ಲ. ಸರಳ ಬಡ್ಡಿ ಅಂದ್ರೆ ಪ್ರತಿ ವರ್ಷ ಅದೇ 7,000, ಚಕ್ರಬಡ್ಡಿಲಿ ಮೊದಲ ವರ್ಷದ 7,000 ಅಸಲಿಗೆ ಸೇರ್ಕೊಂಡು ಎರಡನೇ ವರ್ಷ 1,07,000ಕ್ಕೆ ಬಡ್ಡಿ ಹಾಕ್ತಾರೆ, ಅಂದ್ರೆ 7,490, ಬರೀ 490 ಜಾಸ್ತಿ. ವರ್ಷಕ್ಕೊಂದ್ಸಲ ಬಡ್ಡಿ ಸೇರಿಸೋ ಲೆಕ್ಕದಲ್ಲಿ 10 ವರ್ಷಕ್ಕೆ 1,70,000 ಎಲ್ಲಿ, ಸುಮಾರು 1,96,700 ಎಲ್ಲಿ. 20 ವರ್ಷಕ್ಕೆ ನೋಡಿ, 2,40,000 ವರ್ಸಸ್ ಸುಮಾರು 3,87,000! ಕೊನೇ ವರ್ಷ ಒಂದರಲ್ಲೇ 25,300ರಷ್ಟು ಬಡ್ಡಿ ಬರುತ್ತೆ.

ಫಾರ್ಮ್ ತುಂಬುವಾಗ ಹುಷಾರು, ತಿಂಗಳು ತಿಂಗಳು ಬಡ್ಡಿ ಖಾತೆಗೆ ಬರೋ ಆಪ್ಷನ್ ಟಿಕ್ ಮಾಡಿ ಅದನ್ನ ಖರ್ಚು ಮಾಡ್ತಾ ಹೋದ್ರೆ ನಿಮಗೆ ಸಿಗೋದು ಸರಳ ಬಡ್ಡಿನೇ, ಬಡ್ಡಿ ಅಸಲಿಗೇ ಸೇರ್ಕೊಳ್ಳೋ ಕ್ಯುಮುಲೇಟಿವ್ ಅಂತಿರೋದನ್ನೇ ಕೇಳಿ, ಮೆಚೂರ್ ಆದಾಗ ಬಡ್ಡಿ ಸಮೇತ ರಿನ್ಯೂ ಮಾಡ್ಸಿ.