ಅಡವಿಟ್ಟ ಷೇರಿದ್ದರೂ ಮಾರ್ಜಿನ್ ಕಾಲ್ ಬರೋದು ಯಾಕೆ?

"ಷೇರು ಪ್ಲೆಡ್ಜ್ ಮಾಡಿ ಒಂದು ಲಾಟ್ ಫ್ಯೂಚರ್ಸ್ ತಗೊಂಡಿದ್ದೆ. ಮಾರ್ಜಿನ್ ಇನ್ನೂ ಬೇಕಾದಷ್ಟಿತ್ತು. ಆದರೂ ಬ್ರೋಕರ್ ಮಾರಿಬಿಟ್ಟರು. ಯಾಕೆ?"

ನಿಮ್ಮಲ್ಲಿ ಕಡಿಮೆ ಬಿದ್ದಿರೋದು ಬಹುಶಃ ಭದ್ರತೆಗೆ ಇಡುವ ಮಾರ್ಜಿನ್ ಅಲ್ಲ, ನಗದು. ಫ್ಯೂಚರ್ಸ್‌ನಲ್ಲಿ ಲಾಭ-ನಷ್ಟ ಪ್ರತಿದಿನ ಸಂಜೆ ಚುಕ್ತಾ ಆಗುತ್ತದೆ, ಅದೂ ದುಡ್ಡಿನಲ್ಲೇ. ಅಡವಿಟ್ಟ ಷೇರು ಇದಕ್ಕೆ ನಡೆಯೋದಿಲ್ಲ.

ಲಾಟ್‌ನಲ್ಲಿ 500 ಷೇರು, ಬೆಲೆ 1,000 ರೂಪಾಯಿ ಅಂದುಕೊಳ್ಳಿ. ಬೆಲೆ 40 ರೂಪಾಯಿ ಬಿದ್ದರೆ ಆ ಸಂಜೆಯೇ 20,000 ಖಾತೆಯಿಂದ ಹೋಗುತ್ತದೆ. ಖಾತೆಯಲ್ಲಿ 12,000 ಮಾತ್ರ ಇದ್ದರೆ 8,000 ಮೈನಸ್. ಆಗ ದುಡ್ಡು ಹಾಕಿ ಅಂತ ಮೆಸೇಜ್ ಬರುತ್ತದೆ, ಅದೇ ಮಾರ್ಜಿನ್ ಕಾಲ್. ಹೇಳಿದ ಸಮಯಕ್ಕೆ ಹಾಕದಿದ್ದರೆ ಬ್ರೋಕರೇ ನಿಮ್ಮ ಫ್ಯೂಚರ್ಸ್ ಮಾರಿ ಮುಚ್ಚುತ್ತಾರೆ, ಸಿಕ್ಕಿದ ಬೆಲೆಗೆ. ಮಾರುಕಟ್ಟೆ ಜೋರಾಗಿ ಬೀಳುತ್ತಿದ್ದರೆ ಮೆಸೇಜಿಗೂ ಕಾಯದೆ ಮುಚ್ಚಬಹುದು.

ಇನ್ನೊಂದು ತಾಪತ್ರಯ ಇದೆ. ಅದೇ ದಿನ ಅಡವಿಟ್ಟ ಷೇರುಗಳ ಬೆಲೆಯೂ ಇಳಿದಿರುತ್ತದೆ, ಏರಿಳಿತ ಜಾಸ್ತಿಯಾಯಿತೆಂದು ಎಕ್ಸ್‌ಚೇಂಜ್ ಮಾರ್ಜಿನ್ನನ್ನೂ ಏರಿಸಿರುತ್ತದೆ. ಮೂರು ಕಡೆಯಿಂದಲೂ ಒಟ್ಟಿಗೆ ಏಟು.

ಹಾಗಾಗಿ ಆ್ಯಪ್‌ನಲ್ಲಿ ಒಟ್ಟು ಮಾರ್ಜಿನ್ ನೋಡಿ ಸಮಾಧಾನ ಪಡಬೇಡಿ, ನಗದು ಎಷ್ಟಿದೆ ಅಂತ ಬೇರೆಯಾಗಿ ನೋಡಿ. ಆ ಷೇರು ಎರಡು ದಿನ ಸತತ 5% ಬಿದ್ದರೂ ತಡೆಯುವಷ್ಟು, ಅಂದರೆ ಇಲ್ಲಿ ಸುಮಾರು 50,000, ಸುಮ್ನೆ ಇಟ್ಟಿರಿ. ಅಷ್ಟಿಲ್ಲದಿದ್ದರೆ ಆ ಲಾಟ್ ನಿಮಗೆ ದೊಡ್ಡದು. ಸ್ಟಾಪ್‌ಲಾಸ್ ಒಂದನ್ನೇ ನಂಬಬೇಡಿ, ಬೆಳಗ್ಗೆ ಬೆಲೆ ಒಮ್ಮೆಲೇ ಕೆಳಗೆ ತೆರೆದು ಗ್ಯಾಪ್ ಡೌನ್ ಆದರೆ ನೀವು ಹೇಳಿದ ಬೆಲೆಗೆ ಮಾರಾಟ ಆಗೋದಿಲ್ಲ. ಅದೇ ಷೇರಿನ ಪುಟ್ ಆಪ್ಷನ್ ಕೊಂಡರೆ ನಷ್ಟಕ್ಕೆ ಮಿತಿ ಬರುತ್ತದೆ, ಮಾರ್ಜಿನ್ನೂ ಇಳಿಯುತ್ತದೆ. ಆದರೆ ದಿನದ ನಷ್ಟಕ್ಕೆ ಆಗಲೂ ನಗದೇ ಬೇಕು.