ಬ್ಯಾಲೆನ್ಸ್ ಶೀಟ್ ತಾಳೆಯಾಗದಿದ್ದರೂ ಮುಂದಿನ ಪ್ರಶ್ನೆಗೆ ಹೋಗಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಒಬ್ಬರು ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತಲೇ ಎಸಿಸಿಎ ಎಂಬ ಲೆಕ್ಕಪತ್ರ ವೃತ್ತಿ ಸಂಸ್ಥೆಯ ಪರೀಕ್ಷೆಗೆ ಓದುತ್ತಿದ್ದರು. ಮೊದಲ ಹಂತ ಸಲೀಸಾಗಿ ಮುಗಿದಿತ್ತು. ಎರಡನೇ ಹಂತದ ಫೈನಾನ್ಶಿಯಲ್ ರಿಪೋರ್ಟಿಂಗ್ ಪತ್ರಿಕೆಯಲ್ಲಿ ಎರಡು ಸಲ ಫೇಲ್. ಪಾಸಾಗಲು 50 ಬೇಕು, ಎರಡೂ ಸಲ 45ರ ಆಸುಪಾಸು. "ಕೆಲಸ ಬಿಟ್ಟು ಓದ್ಲಾ ಸಾರ್?" ಎಂದು ಕೇಳಲು ನನ್ನ ಬಳಿ ಬಂದಿದ್ದರು.

ಓದಿದ್ದೆಷ್ಟು ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ಬಿಡಿಸಿದ ಒಂದು ಲೆಕ್ಕ ತೋರಿಸಿ ಎಂದೆ. ಮಾತೃ ಕಂಪನಿ, ಅಂಗ ಕಂಪನಿಗಳ ಲೆಕ್ಕವನ್ನು ಒಂದಾಗಿಸುವ ಸಮೂಹ ಲೆಕ್ಕಪತ್ರದ ಪ್ರಶ್ನೆ, 20 ಅಂಕ. ಶುರುಮಾಡಿದ ಮತ್ತು ಮುಗಿಸಿದ ಹೊತ್ತನ್ನು ಅಂಚಿನಲ್ಲಿ ಅವರೇ ಬರೆದಿದ್ದರು: 70 ನಿಮಿಷ. ಪರೀಕ್ಷೆ 3 ಗಂಟೆ, 100 ಅಂಕ. ಅಂದರೆ ಈ ಲೆಕ್ಕಕ್ಕೆ ಸಿಗುವುದು 36 ನಿಮಿಷ.

ಉಳಿದ ಹೊತ್ತು ಎಲ್ಲಿ ಹೋಯಿತು? ಬ್ಯಾಲೆನ್ಸ್ ಶೀಟಿನ ಎರಡು ಬದಿ ತಾಳೆಯಾಗಿರಲಿಲ್ಲ, ವ್ಯತ್ಯಾಸ ಹುಡುಕುತ್ತಾ ಕೂತಿದ್ದರು. ಮಾತೃ ಕಂಪನಿ ಅಂಗ ಕಂಪನಿಗೆ ಮಾರಿದ್ದ ಸರಕಿನಲ್ಲಿ ಸ್ವಲ್ಪ ಇನ್ನೂ ಮಾರಾಟವಾಗದೆ ಉಳಿದಿತ್ತು. ಅದರಲ್ಲಿದ್ದ ಲಾಭವನ್ನು ದಾಸ್ತಾನಿನಿಂದ ಕಳೆದಿದ್ದರು, ಸಂಚಿತ ಲಾಭದಿಂದ ಕಳೆಯಲು ಮರೆತಿದ್ದರು. ಆ ತಪ್ಪು ಸಿಕ್ಕಿದರೆ ಒಂದೆರಡು ಅಂಕ, ಅಷ್ಟೇ. ಅಂಕ ಕೊಡುವುದು ಹಂತಹಂತಕ್ಕೆ. ತಾಳೆಯಾಗದ ಶೀಟಿಗೂ ಸರಿಯಾದ ಹಂತಗಳ ಅಂಕ ಬರುತ್ತದೆ. ಆದರೆ ಆಫೀಸಿನಲ್ಲಿ ಒಂದು ರೂಪಾಯಿ ವ್ಯತ್ಯಾಸವನ್ನೂ ಬಿಡದ ಅಭ್ಯಾಸ ಅವರಿಗೆ. ಪರೀಕ್ಷೆಯಲ್ಲಿ ಅದೇ ಮುಳುವಾಗಿತ್ತು. ಎರಡೂ ಸಲ, ಅನುಪಾತ ನೋಡಿ ಕಂಪನಿಯ ಸ್ಥಿತಿ ವಿವರಿಸುವ ಇನ್ನೊಂದು 20 ಅಂಕದ ಪ್ರಶ್ನೆಗೆ ಸಮಯವೇ ಉಳಿದಿರಲಿಲ್ಲವಂತೆ.

ಹಾಗಾಗಿ ಮೊದಲ ಸಲಹೆ: 36ನೇ ನಿಮಿಷಕ್ಕೆ ನಿಲ್ಲಿಸಿ. ವ್ಯತ್ಯಾಸ ಎಷ್ಟೇ ಇರಲಿ.

ಇನ್ನೊಂದು ವಿಚಿತ್ರ ಕಂಡೆ. ಪರೀಕ್ಷೆ ನಡೆಯುವುದು ಕಂಪ್ಯೂಟರಿನಲ್ಲಿ. ದಿನವಿಡೀ ಎಕ್ಸೆಲ್‌ನಲ್ಲಿ ಕೆಲಸ ಮಾಡುವ ಇವರು ಅಭ್ಯಾಸ ಮಾತ್ರ ನೋಟ್‌ಬುಕ್ಕಿನಲ್ಲಿ ಮಾಡುತ್ತಿದ್ದರು! ಎಸಿಸಿಎಯ ಅಭ್ಯಾಸ ತಾಣದಲ್ಲೇ, ಅಲ್ಲಿನ ಶೀಟಿನಲ್ಲೇ ಬಿಡಿಸಿ ಎಂದೆ. ದೊಡ್ಡ ಲೆಕ್ಕಗಳು ರಜೆಯ ದಿನ ಬೆಳಗ್ಗೆ. ಆಫೀಸಿನಿಂದ ಸುಸ್ತಾಗಿ ಬಂದ ರಾತ್ರಿ ವಿಡಿಯೊ ನೋಡಿದರೆ ಸುಮ್ನೆ ಓದಿದ ಹಾಗೆ ಅನಿಸುತ್ತೆ, ಅಷ್ಟೇ. ಅದರ ಬದಲು ಎರಡೆರಡು ಅಂಕದ ಹತ್ತು ಪ್ರಶ್ನೆ ಸಾಕು.

ಆಮೇಲೆ ತಾರೀಕಿನ ವಿಷಯ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ ಆರಂಭದಲ್ಲಿ ಪರೀಕ್ಷೆ. ತಿಂಗಳ ಲೆಕ್ಕ ಮುಗಿಸುವ ಗಡಿಬಿಡಿಯೂ ಆಗಲೇ ಅಲ್ವಾ? ಕೊನೆಯ ವಾರವನ್ನು ನಂಬಿ ಟೈಂಟೇಬಲ್ ಹಾಕಿದರೆ ಕೆಡುತ್ತದೆ. ಹಿಂದಿನ ತಿಂಗಳೇ ಪಾಠ ಮುಗಿಯಬೇಕು. ಮೇಲಧಿಕಾರಿ ಹತ್ತಿರ ರಜೆ ಮಾತಾಡಿಕೊಂಡ ಮೇಲೆಯೇ ಶುಲ್ಕ ಕಟ್ಟಿ. ಎರಡು ಪತ್ರಿಕೆ ಒಟ್ಟಿಗೆ ಬೇಡ, ಇದೊಂದೇ ಇರಲಿ.

ಕೆಲಸ ಬಿಡುವುದು ಬೇಡ ಎಂದೆ. ಸದಸ್ಯತ್ವಕ್ಕೆ ಹೇಗೂ 36 ತಿಂಗಳ ಅನುಭವ ಬೇಕು, ಅದು ಈಗಲೇ ಜಮೆಯಾಗುತ್ತಿದೆ. ಈ ಹಂತಕ್ಕೆ ಗಡುವೂ ಇಲ್ಲ. ಏಳು ವರ್ಷದ ಮಿತಿ ಕೊನೆಯ ಹಂತಕ್ಕೆ ಮಾತ್ರ.

ಈಗ ಒಂದೇ ಪತ್ರಿಕೆಗೆ ಹೆಸರು ಹಚ್ಚಿದ್ದಾರೆ. ಮೊನ್ನೆ ಕಳಿಸಿದ ಲೆಕ್ಕ 40 ನಿಮಿಷದಲ್ಲಿ ಮುಗಿದಿತ್ತು. ತಾಳೆಯಾಗಿರಲಿಲ್ಲ. ಹಂತಹಂತದ ಅಂಕ ಹಂಚಿಕೆಯಂತೆ ಎಣಿಸಿದರೆ 20ಕ್ಕೆ 14 ಬಂತು.